ಪಳೆಯುಳಿಕೆ ಪ್ರದರ್ಶನದ ಪೋಸ್ಟರ್: ಮೊದಲ ಸಾಲು ಹೇಗಿರಲಿ?

ಕೇಳಿದವರು: ಮ್ಯೂಸಿಯಂನಲ್ಲಿ ಪಳೆಯುಳಿಕೆಗಳ ಪ್ರದರ್ಶನ ಇದೆ, ಪೋಸ್ಟರ್ ಶಾಲೆಗಳಿಗೆ ಹೋಗುತ್ತೆ. ಮಕ್ಕಳಿಗೂ ಆಸೆ ಹುಟ್ಟಬೇಕು, ಸುಸ್ತಾದ ಟೀಚರಿಗೂ ಬರೋಣ ಅನ್ನಿಸಬೇಕು. ಈಗಿರೋ ಸಾಲು: ‘ಬನ್ನಿ, ಕೋಟಿ ವರ್ಷಗಳ ಹಿಂದಿನ ಅದ್ಭುತ ಲೋಕಕ್ಕೆ!’ ಯಾಕೋ ಸಪ್ಪೆ.

ಪ್ರದರ್ಶನ ವಿನ್ಯಾಸಕಿ: ಆ ಸಾಲು ಯಾವ ಪ್ರದರ್ಶನಕ್ಕಾದರೂ ಅಂಟುತ್ತೆ, ಅದಕ್ಕೇ ಸಪ್ಪೆ. ಒಂದೇ ಒಂದು ವಸ್ತು ಆರಿಸಿಕೊಳ್ಳಿ. ಕಲ್ಲಾದ ಲದ್ದಿ ಇದ್ದರೆ ಅದೇ ಸಾಕು. ಕೆನಡಾದಲ್ಲಿ ಸಿಕ್ಕ, 1998ರಲ್ಲಿ ವರದಿಯಾದ ಟಿ. ರೆಕ್ಸ್ ಲದ್ದಿ 44 ಸೆಂ.ಮೀ. ಉದ್ದ, ಒಳಗೆಲ್ಲ ಮೂಳೆ ಚೂರು. ನಿಮ್ಮದರಲ್ಲೂ ಚೂರು ಕಾಣುತ್ತಿದ್ದರೆ ಸಾಲು ಅಲ್ಲಿಂದಲೇ ಬರಲಿ: ‘ಈ ಕಲ್ಲು ಒಮ್ಮೆ ಲದ್ದಿಯಾಗಿತ್ತು. ಒಳಗಿರೋದು ಯಾರ ಮೂಳೆ?’ ‘ಡೈನೋಸಾರ್ ಏನು ತಿನ್ನುತ್ತಿತ್ತು ಗೊತ್ತೇ?’ ಅಂತ ಕೇಳಿದರೆ ಮಗು ‘ಹೂಂ, ಮಾಂಸ’ ಅಂದು ಮುಂದೆ ಹೋಗುತ್ತೆ. ಬಂದು ನೋಡಿದರೆ ಮಾತ್ರ ಉತ್ತರ ಸಿಗಬೇಕು. ಹಾಗೆಯೇ, ಇಟ್ಟಿರೋದು ಅಚ್ಚು ತೆಗೆದ ನಕಲಾದರೆ ‘ಈ ಕಲ್ಲು’ ಅನ್ನಬೇಡಿ. ಮಕ್ಕಳು ಮೊದಲು ಕೇಳೋದೇ ‘ಇದು ನಿಜವಾದದ್ದಾ?’ ಅಂತ.

ಟೀಚರಿಗೆ ಕೆಳಗೆ ಬೇರೆ ಸಾಲು: ‘90 ನಿಮಿಷ. ಗೈಡ್ ಮತ್ತು ವರ್ಕ್‌ಶೀಟ್ ನಮ್ಮದು. ನೀವು ಕೂತು ನೋಡಿ.’

ಪ್ರಿಂಟಿಂಗ್‌ನವರು: ಮಕ್ಕಳು ಓದೋದಿಲ್ಲ ಸ್ವಾಮಿ. ಸಾಲೇ ಬೇಡ, ದೊಡ್ಡ ಚಿತ್ರ ಹಾಕಿ.

ಪ್ರದರ್ಶನ ವಿನ್ಯಾಸಕಿ: ಚಿತ್ರ ದೊಡ್ಡದಿರಲಿ, ಒಪ್ಪಿದೆ. ಆದರೆ ಸಾಲಿಲ್ಲದಿದ್ದರೆ ಅದು ಬರೀ ಕಂದು ಕಲ್ಲು. ಮೂರು ಮೀಟರ್ ದೂರದಿಂದ ಓದಲು ಅಕ್ಷರ ಎರಡೂವರೆ ಸೆಂ.ಮೀ. ಎತ್ತರ ಇದ್ದರೆ ಆರಾಮ. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ‘ಕಲ್ಲು’ವಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ, ದೂರದಿಂದ ಎರಡೂ ಕಲೆಸಿದ ಹಾಗೆ ಕಾಣುತ್ತೆ. ಪ್ರೂಫ್ ಗೋಡೆಗೆ ಹಚ್ಚಿ, ಹಿಂದೆ ಸರಿದು ನೋಡಿ.

ಪ್ರೈಮರಿ ಟೀಚರ್: ನಮ್ಮ ಶಾಲೆ ವಿಜ್ಞಾನ ಮೇಳಕ್ಕೂ ಒಂದು ಘೋಷಣೆ ಕೊಡಿ. ಜ್ವಾಲಾಮುಖಿ ಮಾಡೆಲ್ ಇದೆ.

ಹೈಸ್ಕೂಲ್ ಮೇಷ್ಟ್ರು: ಅಲ್ಲಿಗೆ ಬರೋರು ಹೇಗೂ ಶಾಲೆಯೊಳಗೇ ಇರ್ತಾರೆ ಮೇಡಂ, ಹೊತ್ತು ಬರೆದರೆ ಸಾಕು: ‘11 ಗಂಟೆಗೆ ಸಿಡಿಯುತ್ತೆ’.

ಪೋಸ್ಟರ್ ವಿಷಯಕ್ಕೆ ಬಂದರೆ, ‘ಕೂತು ನೋಡಿ’ ತೆಗೆಯಿರಿ. ಅನುಮತಿ ಕೊಡೋರು ಹೆಡ್‌ಮಾಸ್ಟರು. ಟೀಚರಿಗೆ ವಿಶ್ರಾಂತಿ ಅಂತ ಅಚ್ಚಾಗಿರೋ ಪೋಸ್ಟರ್ ಹಿಡಿದು ಅವರ ಮುಂದೆ ಹೋಗೋದು ಹೇಗೆ? ‘ಮಕ್ಕಳನ್ನು ಗೈಡ್ ನೋಡಿಕೊಳ್ಳುತ್ತಾರೆ’ ಅಂದರೆ ಸುಸ್ತಾದವರಿಗೆ ಅರ್ಥ ಆಗುತ್ತೆ. ಜೊತೆಗೆ ಯಾವ ತರಗತಿಯ ಯಾವ ಪಾಠಕ್ಕೆ ಹೊಂದುತ್ತೆ ಅಂತ ಹಾಕಿ, ಅರ್ಜಿಗೆ ಅದೇ ಕಾರಣ ಬರೆಯಬಹುದು. ಬಸ್ ನಿಲ್ಲಿಸೋ ಜಾಗ, ಶೌಚಾಲಯ, ಬುತ್ತಿ ಬಿಚ್ಚೋ ಜಾಗ ಪೋಸ್ಟರಿನಲ್ಲಿ ಬೇಡ, ಜೊತೆಗೆ ಕಳಿಸೋ ಪತ್ರದಲ್ಲಿರಲಿ.

ಪ್ರದರ್ಶನ ವಿನ್ಯಾಸಕಿ: ಪಾಠದ ಮಾತು ಸರಿ ಸರ್, ಸೇರಿಸಬೇಕು. ‘ಕೂತು ನೋಡಿ’ ಮಾತ್ರ ಬಿಡಲು ಮನಸ್ಸಿಲ್ಲ. ಪೋಸ್ಟರಿನಲ್ಲಿ ಟೀಚರನ್ನು ಮನುಷ್ಯರಂತೆ ಮಾತಾಡಿಸೋದು ಅದೊಂದೇ ಸಾಲು.

ಕೇಳಿದವರು: ಲದ್ದಿ ಇದೆ, ಅಸಲಿಯೇ. ಆದರೆ ಒಳಗಿರೋದು ಮೀನಿನ ಹುರುಪೆ, ಮೂಳೆ ಅಲ್ಲ.

ಪ್ರದರ್ಶನ ವಿನ್ಯಾಸಕಿ: ಹಾಗಾದರೆ ‘ಈ ಕಲ್ಲಿನೊಳಗೆ ಮೀನು ಹೇಗೆ ಹೋಯಿತು?’ ಅಂತ ಕೇಳಿ. ಲದ್ದಿ ಅನ್ನೋದನ್ನ ಪೋಸ್ಟರಿನಲ್ಲಿ ಹೇಳಲೇಬೇಡಿ, ಅವರೇ ಬಂದು ಕಂಡುಹಿಡಿಯಲಿ.