ಅಪ್‌ಡೇಟ್: ವೃತ್ತಿ ಹೊಣೆಗಾರಿಕೆ ವಿಮೆ ತೆಗೆದುಕೊಂಡೆ

ಅಂದು ಕೇಳಿದ್ದು: "ಬೈಕಂಪಾಡಿಯಲ್ಲಿ ಶೀತಲಗೃಹದ ವಿನ್ಯಾಸ, ನಾಲ್ಕು ಲಕ್ಷ ಶುಲ್ಕ. ನನ್ನ ಕೆಲಸದ ತಪ್ಪಿನಿಂದ ಆಗುವ ನಷ್ಟ ಭರಿಸಲು ಐವತ್ತು ಲಕ್ಷದ ವಿಮೆ ಬೇಕೆನ್ನುತ್ತಾರೆ ಮಾಲೀಕರು. ಒಬ್ಬನೇ ದುಡಿಯುವವನಿಗೆ ಇದು ದಂಡದ ಖರ್ಚೇ?"

ಕೊನೆಗೆ ಕೈಹಿಡಿದದ್ದು ಉಡುಪಿಯ ವಕೀಲರೊಬ್ಬರ ಸಲಹೆ: ಪಾಲಿಸಿಗಿಂತ ಮೊದಲು ಒಪ್ಪಂದ ಓದಿ. ಅದರಲ್ಲಿ ನನ್ನ ಹೊಣೆಗೆ ಮಿತಿಯೇ ಇರಲಿಲ್ಲ! ಶುಲ್ಕದಷ್ಟಕ್ಕೆ ಇಳಿಸಿ ಎಂದೆ, ಒಪ್ಪಲಿಲ್ಲ. ಚೌಕಾಸಿ ಇಪ್ಪತ್ತೈದು ಲಕ್ಷಕ್ಕೆ ನಿಂತಿತು, ವಿಮೆಯೂ ಅಷ್ಟಕ್ಕೇ.

"ಕೆಲಸ ಮುಗಿದ ಕೂಡಲೇ ಪಾಲಿಸಿ ಬಿಟ್ಟುಬಿಡಿ" ಎಂದವರ ಮಾತು ಮಾತ್ರ ನಡೆಯದು. ತಪ್ಪು ನಡೆದ ದಿನಕ್ಕಿಂತ ಪರಿಹಾರ ಕೇಳಿದ ದಿನ ಪಾಲಿಸಿ ಜೀವಂತವಾಗಿರಬೇಕು. ಕಂಪ್ರೆಸರ್‌ನ ಲೆಕ್ಕ ತಪ್ಪಿದ್ದು ಎರಡು ಬೇಸಿಗೆ ಕಳೆದ ಮೇಲೆ, ಮೀನು ಕೆಟ್ಟಾಗ ತಿಳಿಯಬಹುದು.

ಇನ್ನೊಂದು ಕಣ್ತಪ್ಪುತ್ತಿತ್ತು. ಯಾವ ದಿನದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಎಂದು ಹೇಳುವ "ರೆಟ್ರೋಆಕ್ಟಿವ್ ದಿನಾಂಕ" ಪಾಲಿಸಿಯ ಕರಡಿನಲ್ಲಿ ಪಾಲಿಸಿ ಆರಂಭದ ದಿನವೇ ಆಗಿತ್ತು. ಹಾಗಾದರೆ ಹೋದ ವರ್ಷ ಮಲ್ಪೆಯ ಐಸ್ ಪ್ಲಾಂಟಿಗೆ ಕೊಟ್ಟ ನಕ್ಷೆಗೆ ರಕ್ಷಣೆಯಿಲ್ಲ. ಎರಡು ವರ್ಷ ಹಿಂದಕ್ಕೆ ಹಾಕಿಸಿದೆ. ತಿಳಿದ ದೂರು ಯಾವುದೂ ಇಲ್ಲವೆಂದು ಬರೆದುಕೊಟ್ಟೆ. ಪ್ರೀಮಿಯಂ 21,000ದಿಂದ 24,000ಕ್ಕೆ ಏರಿತು. ಶೇ. 18 ಜಿಎಸ್‌ಟಿ ಸೇರಿ 28,320 ರೂಪಾಯಿ.

ಮೊದಲ ಒಂದು ಲಕ್ಷದ ನಷ್ಟ ನನ್ನದೇ. ಹೀಗಾಗಿ ಅದನ್ನು ಮೀರುವ ನಷ್ಟದ ಭಯವಿಲ್ಲದೆ ಬರಿಯ ಸಲಹಾ ವರದಿ ಬರೆಯುತ್ತಿದ್ದ ದಿನಗಳಲ್ಲಿ ಇದನ್ನು ಕೊಳ್ಳುತ್ತಿರಲಿಲ್ಲ. ತಡವಾದರೆ ಕಟ್ಟುತ್ತೇನೆಂದು ಒಪ್ಪಿಕೊಂಡ ದಂಡವನ್ನೂ ವಿಮೆ ಭರಿಸುವುದಿಲ್ಲ. ಆ ಷರತ್ತನ್ನು ಒಪ್ಪಂದದಿಂದಲೇ ತೆಗೆಸಿದೆ.