ಒಂದು ದಿನ ತಡವಾದದ್ದಕ್ಕೆ ಮೂರು ತಿಂಗಳ ಬಡ್ಡಿಯೇ?

ಪ್ರಶ್ನೆ, ತೀರ್ಥಹಳ್ಳಿಯ ಹೋಂಸ್ಟೇ ಮಾಲೀಕರು: 2025-26ಕ್ಕೆ ಟಿಡಿಎಸ್ ಕಳೆದು ನನ್ನ ತೆರಿಗೆ 1,20,000 ರೂಪಾಯಿ. ಮುಂಗಡ ತೆರಿಗೆಯಾಗಿ ಜೂನ್ 10ಕ್ಕೆ 10,000, ಸೆಪ್ಟೆಂಬರ್ 16ಕ್ಕೆ 50,000, ಡಿಸೆಂಬರ್ 12ಕ್ಕೆ 30,000, ಮಾರ್ಚ್ 20ಕ್ಕೆ 30,000 ಕಟ್ಟಿದ್ದೇನೆ. ಆದರೂ ರಿಟರ್ನ್‌ನಲ್ಲಿ 1,860 ರೂಪಾಯಿ ಬಡ್ಡಿ ತೋರಿಸುತ್ತಿದೆ. ಸೆಪ್ಟೆಂಬರ್ 16ರವರೆಗೆ ಗಡುವು ಕೊಟ್ಟಿದ್ದರಲ್ಲವೇ?

ಶಿವಮೊಗ್ಗದ ಲೆಕ್ಕಪರಿಶೋಧಕರು: ಆ ಒಂದು ದಿನ ಸಿಕ್ಕಿದ್ದು ಹಿಂದಿನ ವರ್ಷದ ರಿಟರ್ನ್ ಸಲ್ಲಿಸಲು, ಸರ್. ಮುಂಗಡ ತೆರಿಗೆಯ ಎರಡನೇ ಕಂತಿಗೆ 15ನೇ ತಾರೀಖೇ ಕೊನೆ. ಎರಡೂ ಒಂದೇ ದಿನ ಬಂದು ನಮ್ಮ ಕಚೇರಿಯ ಕಕ್ಷಿದಾರರಲ್ಲೂ ಕೆಲವರು ಎಡವಿದರು.

ಕಂತು ಕಡಿಮೆ ಬಿದ್ದರೆ ಬಡ್ಡಿ ಹಾಕುವ ಕಲಂ 234ಸಿ ತಡವಾದ ದಿನಗಳನ್ನು ಎಣಿಸುವುದಿಲ್ಲ. ಗಡುವಿನ ದಿನ ಒಟ್ಟು ಎಷ್ಟು ಜಮೆಯಾಗಿತ್ತು ಎಂದಷ್ಟೇ ನೋಡುತ್ತದೆ. ಸೆಪ್ಟೆಂಬರ್ 15ಕ್ಕೆ ಶೇ. 45, ಅಂದರೆ 54,000 ಇರಬೇಕಿತ್ತು. ಇದ್ದದ್ದು ಜೂನ್‌ನ 10,000 ಮಾತ್ರ. ಕೊರತೆ 44,000, ತಿಂಗಳಿಗೆ ಶೇ. 1ರಂತೆ ಮೂರು ತಿಂಗಳಿಗೆ 1,320. ನೀವು ಮಾರನೆಯ ದಿನವೇ ಕಟ್ಟಿದರೂ ಡಿಸೆಂಬರ್‌ನಲ್ಲಿ ಕಟ್ಟಿದರೂ ಇಷ್ಟೇ.

ಜೂನ್‌ನಲ್ಲಿ 18,000ಕ್ಕೆ 8,000 ಕಡಿಮೆ ಬಿತ್ತು, ಅದಕ್ಕೆ 240. ಡಿಸೆಂಬರ್‌ಗೆ ಬೇಕಿದ್ದ 90,000 ಸರಿಯಾಗಿ ಇದ್ದುದರಿಂದ ಬಡ್ಡಿಯಿಲ್ಲ. ಮಾರ್ಚ್ ಕಂತಿಗೆ ಒಂದೇ ತಿಂಗಳ ಬಡ್ಡಿ: 30,000ಕ್ಕೆ 300. ಮಾರ್ಚ್ 31ರೊಳಗೆ ಪೂರ್ತಿ ಸೇರಿದ್ದರಿಂದ, ವರ್ಷದ ಒಟ್ಟು ಮುಂಗಡ ತೆರಿಗೆ ಕಡಿಮೆಯಾದಾಗ ಬಡ್ಡಿ ಹಾಕುವ 234ಬಿ ತಂಟೆಗೆ ಬರುವುದಿಲ್ಲ.

ಸಾಗರದ ಸದಸ್ಯರು: ಸೆಪ್ಟೆಂಬರ್‌ಗೆ ಶೇ. 36 ಇದ್ದರೆ ಸಾಕು ಎಂದು ಓದಿದ್ದೇನೆ. ಹಾಗಾದರೆ ಕೊರತೆಯನ್ನು 43,200ರಿಂದ ಎಣಿಸಬೇಕಲ್ಲವೇ? ಬಡ್ಡಿ 996 ಆಗುತ್ತದೆ.

ಲೆಕ್ಕಪರಿಶೋಧಕರು: ಅರ್ಧ ಸರಿ. ಶೇ. 36 ಮುಟ್ಟಿದ್ದರೆ ಆ ಕಂತಿಗೆ ಬಡ್ಡಿಯೇ ಇಲ್ಲ. ಮುಟ್ಟದಿದ್ದರೆ ಲೆಕ್ಕ ಶೇ. 45ರಿಂದಲೇ. ಜೂನ್‌ನಲ್ಲಿ ಈ ರಿಯಾಯಿತಿ ಶೇ. 12ಕ್ಕೆ. ಅವರು ಆಗ ಇನ್ನು 4,400 ಸೇರಿಸಿದ್ದರೆ 240 ಉಳಿಯುತ್ತಿತ್ತು. ಡಿಸೆಂಬರ್, ಮಾರ್ಚ್‌ಗಳಲ್ಲಿ ಈ ಸಡಿಲಿಕೆ ಇಲ್ಲ.

ಹೊಸನಗರದ ಸದಸ್ಯೆ: ನಾನು ಫೆಬ್ರುವರಿಯಲ್ಲಿ ಸೈಟು ಮಾರಿದೆ. ಜೂನ್‌ನಲ್ಲೇ ಅದರ ತೆರಿಗೆ ಕಟ್ಟಬೇಕಿತ್ತೇ?

ಲೆಕ್ಕಪರಿಶೋಧಕರು: ಇಲ್ಲಮ್ಮ. ಮಾರಾಟದ ಲಾಭದ ತೆರಿಗೆಯನ್ನು ಮಾರ್ಚ್ ಕಂತಿನಲ್ಲಿ ಅಥವಾ 31ರೊಳಗೆ ಕಟ್ಟಿದ್ದರೆ ಹಿಂದಿನ ಕಂತುಗಳಿಗೆ ಬಡ್ಡಿಯಿಲ್ಲ. ಆದರೆ ರಿಟರ್ನ್‌ನಲ್ಲಿ ಆ ಲಾಭವನ್ನು ಯಾವ ಅವಧಿಯಲ್ಲಿ ಬಂತೆಂದು ಸರಿಯಾಗಿ ತುಂಬಬೇಕು. ತಪ್ಪಿದರೆ ತಂತ್ರಾಂಶ ಜೂನ್‌ನಿಂದಲೇ ಲೆಕ್ಕ ಹಾಕುತ್ತದೆ.

ಸಾಗರದ ಸದಸ್ಯರು: ಮಾರ್ಚ್ 15 ಭಾನುವಾರವಾಗಿತ್ತು. ಅದಕ್ಕೂ ಬಡ್ಡಿಯೇ?

ಲೆಕ್ಕಪರಿಶೋಧಕರು: ಬ್ಯಾಂಕಿಗೆ ರಜೆಯಿದ್ದರೆ ಮರುದಿನ ಕಟ್ಟಬಹುದು. ಇವರು ಕಟ್ಟಿದ್ದು 20ಕ್ಕೆ. ಅಂದಹಾಗೆ ಮಾಲೀಕರೇ, ನಿಮ್ಮ ಆದಾಯವನ್ನು, ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ಅಂದಾಜಿಸುವ ಕಲಂ 44ಎಡಿ ಅಡಿಯಲ್ಲಿ ತೋರಿಸುತ್ತೀರಾ? ಆದಾಯವೆಲ್ಲ ಅದರಲ್ಲೇ ಇದ್ದರೆ ಮಾರ್ಚ್ ಕಂತೊಂದೇ ಲೆಕ್ಕ, ಬಡ್ಡಿ 300 ಮಾತ್ರ.

ತೀರ್ಥಹಳ್ಳಿ: ಲೆಕ್ಕದ ಪುಸ್ತಕ ಬರೆಯುವ ಹುಡುಗ ಊರಿಗೆ ಹೋಗಿದ್ದಾನೆ. ಸೋಮವಾರ ಕೇಳಿ ಹೇಳುತ್ತೇನೆ.