ನಿಂತ ಬಸ್ಸು ಮತ್ತೆ ಬರಲು ಮಂತ್ರಿಗೆ ಮನವಿ: ಏನು ಬರೆಯಬೇಕು, ಯಾರಿಗೆ ಕೊಡಬೇಕು?

ಕೇಳಿದವರು (ಮುಂಬೈ ಉಪನಗರ): ನಮ್ಮ ನಾಲ್ಕು ಸೊಸೈಟಿಗಳ ಮುಂದಿನಿಂದ ಸ್ಟೇಷನ್‌ಗೆ ಹೋಗುತ್ತಿದ್ದ ಬಸ್ಸು ಮಳೆಗಾಲದಿಂದ ನಿಂತಿದೆ. ನಿವಾಸಿಗಳ ಸಂಘದಿಂದ ಸಾರಿಗೆ ಮಂತ್ರಿಗಳಿಗೆ ಮನವಿ ಕೊಡೋಣ ಅಂತ ಸಭೆಯಲ್ಲಿ ತೀರ್ಮಾನವಾಗಿದೆ. ಬರೆಯುವ ಕೆಲಸ ನನಗೆ ಬಂದಿದೆ. ಹೀಗೆ ಬಸ್ಸು ವಾಪಸ್ ತರಿಸಿದವರು ಇದ್ದರೆ ದಯವಿಟ್ಟು ಹೇಳಿ.

ಸೊಸೈಟಿ ಕಾರ್ಯದರ್ಶಿ, ಮೀರಾ ರೋಡ್: ಸಹಿ ಸಂಗ್ರಹ ಮಾಡಿ. ಜಾಸ್ತಿ ಸಹಿ ಇದ್ದಷ್ಟೂ ತೂಕ ಜಾಸ್ತಿ. ಜೊತೆಗೆ ಒಂದು ಆರ್‌ಟಿಐ ಹಾಕಿ, ಬಸ್ಸು ಯಾಕೆ ನಿಲ್ಲಿಸಿದಿರಿ ಅಂತ ಕೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು. ಆ ಉತ್ತರ ಹಿಡಿದುಕೊಂಡು ಮಂತ್ರಿಗಳ ಹತ್ತಿರ ಹೋದರೆ ಕೆಲಸ ಆಗುತ್ತದೆ.

ನಿವೃತ್ತ ಟೈಮ್‌ಕೀಪರ್, ಠಾಣೆ: ಆರ್‌ಟಿಐ ಸಲಹೆ ಒಳ್ಳೆಯದೇ, ಆದರೆ "ಯಾಕೆ" ಅಂತ ಕೇಳಿದರೆ ಅರ್ಜಿ ಖಾಲಿ ಕೈಯಲ್ಲಿ ವಾಪಸ್ ಬರುವುದೇ ಜಾಸ್ತಿ. ಕಾರಣ ವಿವರಿಸುವುದು ಅವರ ಕೆಲಸವಲ್ಲ, ಇರುವ ಕಾಗದ ಕೊಡುವುದು ಅವರ ಕೆಲಸ. ಅದಕ್ಕೇ ಕಾಗದವನ್ನೇ ಕೇಳಿ: ಬಸ್ಸು ನಿಲ್ಲಿಸಿದ ಆದೇಶದ ಪ್ರತಿ, ಅದಕ್ಕಿಂತ ಹಿಂದಿನ ಆರು ತಿಂಗಳಲ್ಲಿ ಆ ಮಾರ್ಗದ ಟ್ರಿಪ್‌ವಾರು ಆದಾಯ, ಆ ಬಸ್ಸುಗಳನ್ನು ಈಗ ಯಾವ ಮಾರ್ಗಕ್ಕೆ ಹಾಕಿದ್ದಾರೆ ಅನ್ನುವುದರ ದಾಖಲೆ. ಈ ಮೂರು ಸಾಕು.

ಇನ್ನು ಮಂತ್ರಿಗಳ ವಿಷಯ. ಮೊದಲು ಬಸ್ಸು ಯಾರದ್ದು ನೋಡಿ. ರಾಜ್ಯದ ಸಾರಿಗೆ ಖಾತೆಗೆ ಬರುವುದು ಎಸ್‌ಟಿ ಬಸ್ಸು. ಊರೊಳಗಿನ ಬಸ್ಸು ಹಾಗಲ್ಲ. ಬೆಸ್ಟ್ ಮುಂಬೈ ಮಹಾನಗರಪಾಲಿಕೆಯದ್ದು. ಟಿಎಂಟಿ ಠಾಣೆ ಪಾಲಿಕೆಯದ್ದು, ಎನ್‌ಎಂಎಂಟಿ ನವಿ ಮುಂಬೈ ಪಾಲಿಕೆಯದ್ದು. ಪುಣೆಯ ಪಿಎಂಪಿಎಂಎಲ್ ಅಂತೂ ಪುಣೆ ಮತ್ತು ಪಿಂಪ್ರಿ-ಚಿಂಚ್‌ವಾಡ ಪಾಲಿಕೆಗಳ ಕಂಪನಿ. ಪಾಲಿಕೆಗಳನ್ನು ನೋಡಿಕೊಳ್ಳುವುದು ನಗರಾಭಿವೃದ್ಧಿ ಖಾತೆ. ನಿಮ್ಮದು ಪಾಲಿಕೆಯ ಬಸ್ಸಾಗಿದ್ದರೆ, ಸಾರಿಗೆ ಮಂತ್ರಿಗೆ ಕೊಟ್ಟ ಮನವಿ ಟೇಬಲ್‌ನಿಂದ ಟೇಬಲ್‌ಗೆ ಹೋಗುತ್ತಾ ಕೊನೆಗೆ ಬಸ್ ಸಂಸ್ಥೆಗೇ ಬರುತ್ತದೆ. ಅದಕ್ಕೆ ಜಿಲ್ಲೆಯ ಪಾಲಕ ಮಂತ್ರಿಗಳಿಗೋ ನಗರಾಭಿವೃದ್ಧಿ ಮಂತ್ರಿಗಳಿಗೋ ಬರೆಯಿರಿ, ಅದೇ ದಿನ ಸಂಸ್ಥೆಯ ಮುಖ್ಯಸ್ಥರಿಗೂ ಒಂದು ಪ್ರತಿ ಕೊಡಿ. ಮಾರ್ಗ ಬಿಡುವುದು, ತೆಗೆಯುವುದು ಅವರ ಟ್ರಾಫಿಕ್ ವಿಭಾಗ.

ವಸಾಯಿಯಿಂದ ಒಬ್ಬರು: ನಮ್ಮ ಸಂಕಟವೂ ಇದೇ. ಇಲ್ಲಿಂದ ಹುಬ್ಬಳ್ಳಿಗೆ ಹೋಗುತ್ತಿದ್ದ ರಾತ್ರಿ ಬಸ್ಸು ಈಗ ಇಲ್ಲ. ಹಬ್ಬಕ್ಕೆ ಊರಿಗೆ ಹೋಗಬೇಕೆಂದರೆ ಖಾಸಗಿ ಬಸ್ಸಿನವರು ಕೇಳಿದಷ್ಟು ಕೊಡಬೇಕು. ಇದೇ ಮನವಿಯಲ್ಲಿ ಅದನ್ನೂ ಸೇರಿಸಿ, ನಾವೂ ಸಹಿ ಹಾಕುತ್ತೇವೆ.

ನಿವೃತ್ತ ಟೈಮ್‌ಕೀಪರ್, ಠಾಣೆ: ಅಣ್ಣಾ, ಅದು ಬೇರೆ ದಾರಿ. ಎರಡು ರಾಜ್ಯಗಳ ನಡುವಿನ ಬಸ್ಸು ಆ ರಾಜ್ಯಗಳ ಒಪ್ಪಂದದ ಮೇಲೆ ಓಡುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದರೆ ಯಾವ ಟೇಬಲ್‌ಗೂ ಪೂರ್ತಿ ಸೇರುವುದಿಲ್ಲ. ಬೇರೆ ಅರ್ಜಿ ಬರೆಯಿರಿ.

ಕೇಳಿದವರು: ನಿನ್ನೆ ಡಿಪೋಗೆ ಹೋಗಿ ಸ್ಟಾರ್ಟರ್ ಅವರನ್ನು ಕೇಳಿದೆ. ನಮ್ಮ ಮಾರ್ಗದಲ್ಲಿ ಇದ್ದದ್ದು ಗುತ್ತಿಗೆ ಬಸ್ಸುಗಳಂತೆ. ಗುತ್ತಿಗೆ ಮುಗಿಯಿತು, ಉಳಿದ ಬಸ್ಸುಗಳನ್ನು ದೊಡ್ಡ ಮಾರ್ಗಗಳಿಗೆ ಹಾಕಿದರು ಅಂದರು. "ಜನ ಇದ್ದರು, ಬಸ್ಸು ಇರಲಿಲ್ಲ" ಅನ್ನುವುದು ಅವರ ಮಾತು. ಸಹಿ ಐನೂರರ ಹತ್ತಿರ ಬಂದಿದೆ. ಹದಿನೈದು ನಿಮಿಷಕ್ಕೊಂದು ಬಸ್ಸು ಮತ್ತೆ ಬೇಕು ಅಂತ ಬರೆಯಲಾ?

ನಿವೃತ್ತ ಟೈಮ್‌ಕೀಪರ್, ಠಾಣೆ: ಒಳ್ಳೆಯ ಕೆಲಸ ಮಾಡಿದಿರಿ. ಈ ಒಂದು ಮಾತಿನ ಮೇಲೆ ಇಡೀ ಮನವಿ ನಿಲ್ಲಬೇಕು. ಜನ ಇಲ್ಲ ಅಂತ ನಿಲ್ಲಿಸಿದ್ದರೆ ಜನರನ್ನು ತೋರಿಸಬೇಕಿತ್ತು. ರಸ್ತೆ ಅಗೆದಿದ್ದಾರೆ ಅಂತ ನಿಲ್ಲಿಸಿದ್ದರೆ ಸುತ್ತು ದಾರಿ ತೋರಿಸಬೇಕಿತ್ತು. ಬಸ್ಸು ಕಡಿಮೆ ಅಂತ ನಿಲ್ಲಿಸಿದ ಮೇಲೆ, ಕಡಿಮೆ ಬಸ್ಸಿನಲ್ಲಿ ಹೇಗೆ ಸಾಗುತ್ತದೆ ಅಂತ ತೋರಿಸಬೇಕು.

ಲೆಕ್ಕ ಹೀಗೆ. ನಿಮ್ಮಲ್ಲಿಂದ ಸ್ಟೇಷನ್‌ಗೆ ಬೆಳಗಿನ ಹೊತ್ತು ಎಷ್ಟು ಹಿಡಿಯುತ್ತದೆ?

ಕೇಳಿದವರು: ಇಪ್ಪತ್ತೈದು ನಿಮಿಷ. ಸಿಗ್ನಲ್ ಸಿಕ್ಕಿಹಾಕಿಕೊಂಡರೆ ಇನ್ನೂ ಐದು.

ನಿವೃತ್ತ ಟೈಮ್‌ಕೀಪರ್, ಠಾಣೆ: ಹೋಗಿ ಬರುವುದಕ್ಕೆ ಐವತ್ತು, ಎರಡು ತುದಿಗಳಲ್ಲಿ ಐದೈದು ನಿಮಿಷ ನಿಲ್ಲುವುದು. ಒಂದು ಸುತ್ತಿಗೆ ಒಂದು ಗಂಟೆ. ಅಂದರೆ ಒಂದು ಬಸ್ಸು ಇದ್ದರೆ ಗಂಟೆಗೊಂದು, ಎರಡಿದ್ದರೆ ಅರ್ಧ ಗಂಟೆಗೊಂದು. ಹದಿನೈದು ನಿಮಿಷಕ್ಕೊಂದು ಬೇಕೆಂದರೆ ನಾಲ್ಕು ಬಸ್ಸು, ಎರಡು ಪಾಳಿಯ ಚಾಲಕರು. ಬಸ್ಸೇ ಇಲ್ಲದ ಡಿಪೋದವರು ನಾಲ್ಕು ಅಂತ ಓದಿದ ಕೂಡಲೇ "ಸಾಧ್ಯವಿಲ್ಲ" ಅಂತ ಬರೆದು ಫೈಲ್ ಮುಚ್ಚುತ್ತಾರೆ. ಬೆಳಗ್ಗೆ ಏಳರಿಂದ ಹತ್ತು, ಸಂಜೆ ಐದರಿಂದ ಒಂಬತ್ತು, ಎರಡೇ ಬಸ್ಸು ಅಂತ ಕೇಳಿ. ಆ ಎರಡನ್ನು ಎಲ್ಲಿಂದ ತರಬಹುದು ಅಂತಲೂ ಸೂಚಿಸಿ. ಪಕ್ಕದ ಮಾರ್ಗದ ಬಸ್ಸನ್ನು ನಿಮ್ಮ ಸ್ಟಾಪ್‌ವರೆಗೆ ಮುಂದುವರಿಸಲು ಆಗುತ್ತದಾ ನೋಡಿ. ಅದಕ್ಕೂ ಸಮಯ ಬೇಕು, ಆದರೆ ಹೊಸ ಬಸ್ಸು ಕೊಡುವುದಕ್ಕಿಂತ ಸುಲಭ.

ಸಹಿಗಿಂತ ಎಣಿಕೆ ಮುಖ್ಯ. ಕೆಲಸದ ದಿನ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ, ಹಳೆಯ ಸ್ಟಾಪ್ ಹತ್ತಿರ ಇಬ್ಬರು ನಿಲ್ಲಿ. ಶೇರ್ ರಿಕ್ಷಾ ಹತ್ತಿ ಸ್ಟೇಷನ್ ಕಡೆ ಹೋಗುವವರನ್ನು ಅರ್ಧರ್ಧ ಗಂಟೆಗೆ ಎಣಿಸಿ ಬರೆಯಿರಿ. ಆ ಎರಡು ಗಂಟೆಯಲ್ಲಿ ಇನ್ನೂರು ಜನ ಹೋದರು ಅಂದುಕೊಳ್ಳಿ. ಅದರಲ್ಲಿ ಅರ್ಧ ಜನ ಬಸ್ಸಿಗೆ ಬಂದರೂ ನಾಲ್ಕು ಟ್ರಿಪ್‌ಗೆ ತಲಾ ಇಪ್ಪತ್ತೈದು. ಇಷ್ಟು ಬರೆದರೆ ಟ್ರಾಫಿಕ್ ವಿಭಾಗದವರು ತಮ್ಮ ಆದಾಯದ ಪಟ್ಟಿ ಪಕ್ಕದಲ್ಲಿ ಇಟ್ಟು ನೋಡಬಹುದು. ಎಲ್ಲರೂ ಬರುತ್ತಾರೆ ಅಂತ ಬರೆಯಬೇಡಿ. ಲೆಕ್ಕ ಗೊತ್ತಿದ್ದವರು ಅಲ್ಲೇ ಹಿಡಿಯುತ್ತಾರೆ.

ಶಾಲಾ ಶಿಕ್ಷಕಿ, ಡೊಂಬಿವಲಿ: ಎರಡೇ ಬಸ್ಸು ಅನ್ನುವುದಕ್ಕೆ ನನಗೆ ಒಪ್ಪಿಗೆ ಇಲ್ಲ ಸರ್. ಕಡಿಮೆ ಕೇಳಿದರೆ ಅದಕ್ಕಿಂತಲೂ ಕಡಿಮೆ ಕೊಡುತ್ತಾರೆ. ನಮ್ಮ ಕಡೆ ಬೆಳಗ್ಗೆ ಸಂಜೆ ಮಾತ್ರ ಅಂತ ಕೊಟ್ಟರು. ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳು, ಆಸ್ಪತ್ರೆಗೆ ಹೋಗುವ ಅಜ್ಜಿಯರು ಇವತ್ತಿಗೂ ರಿಕ್ಷಾಗೆ ಕಾಯುತ್ತಾರೆ. ಅವರು ಬೆಳಗಿನ ಎಣಿಕೆಯಲ್ಲಿ ಕಾಣುವುದೇ ಇಲ್ಲ ಅಲ್ವಾ?

ನಿವೃತ್ತ ಟೈಮ್‌ಕೀಪರ್, ಠಾಣೆ: ಅದು ನಿಜ ಮೇಡಂ. ಮಧ್ಯಾಹ್ನದ ಎಣಿಕೆಯನ್ನೂ ಸೇರಿಸಿ, ಗಂಟೆಗೊಂದು ಟ್ರಿಪ್ ಕೇಳಬಹುದು. ಅದಕ್ಕೆ ಒಂದೇ ಬಸ್ಸು ಸಾಕು. ಆದರೆ ನಾಲ್ಕು ಬಸ್ಸಿನಿಂದ ಶುರು ಮಾಡುವುದು ಸರಿ ಅಂತ ನನಗೆ ಈಗಲೂ ಅನ್ನಿಸುವುದಿಲ್ಲ.

ಸೊಸೈಟಿ ಕಾರ್ಯದರ್ಶಿ, ಮೀರಾ ರೋಡ್: ನಾನು ಮೇಡಂ ಕಡೆ. ಮೊದಲು ಪೂರ್ತಿ ಕೇಳಿ, ಆಮೇಲೆ ಮಾತುಕತೆಯಲ್ಲಿ ಇಳಿಯಿರಿ.

ಕೇಳಿದವರು: ನಮ್ಮ ಸಮಿತಿಯಲ್ಲೂ ಇದೇ ಜಗಳ ಆಗುತ್ತದೆ. ಸಭೆಗೆ ಇಡುತ್ತೇನೆ. ಬೇಡಿಕೆಯ ಭಾಗ ಹೀಗೆ ಬರೆದಿದ್ದೇನೆ, ಮರಾಠಿಗೆ ಪಕ್ಕದ ಮನೆಯ ಅಕ್ಕ ಮಾಡಿಕೊಡುತ್ತಾರೆ:

"ಈ ಮಾರ್ಗದ ಬಸ್ಸು ಜನರಿಲ್ಲದೆ ನಿಂತದ್ದಲ್ಲ, ಬಸ್ಸುಗಳ ಕೊರತೆಯಿಂದ ನಿಂತದ್ದು ಎಂದು ಡಿಪೋದಲ್ಲಿ ತಿಳಿಸಿದ್ದಾರೆ. ನಮ್ಮ ಎಣಿಕೆಯ ಪಟ್ಟಿ ಲಗತ್ತಿಸಿದೆ. ಬೆಳಗ್ಗೆ ಮತ್ತು ಸಂಜೆ ಎರಡು ಬಸ್ಸು, ಮಧ್ಯಾಹ್ನ ಒಂದು ಬಸ್ಸು ಬಿಡಲು ಸಾಧ್ಯವೇ ಎಂದು ಸಂಸ್ಥೆಯಿಂದ ಹದಿನೈದು ದಿನದೊಳಗೆ ಲಿಖಿತ ವರದಿ ತರಿಸಿಕೊಳ್ಳಬೇಕಾಗಿ ವಿನಂತಿ."

ನಿವೃತ್ತ ಟೈಮ್‌ಕೀಪರ್, ಠಾಣೆ: ತುಂಬಾ ಚೆನ್ನಾಗಿದೆ. "ವರದಿ ತರಿಸಿಕೊಳ್ಳಬೇಕು" ಅಂದದ್ದು ಸರಿಯಾಯಿತು. ಸುಮ್ನೆ "ಕ್ರಮ ಕೈಗೊಳ್ಳಿ" ಅಂತ ಬರೆದರೆ ಮಂತ್ರಿಗಳ ಕಚೇರಿ "ಯೋಗ್ಯ ಕ್ರಮಕ್ಕಾಗಿ" ಅಂತ ಷರಾ ಬರೆದು ಕಳಿಸುತ್ತದೆ, ಅದಕ್ಕೆ ಗಡುವು ಇರುವುದಿಲ್ಲ. ಮಾರ್ಗದ ಸಂಖ್ಯೆ, ಎರಡೂ ತುದಿಯ ಸ್ಟಾಪ್ ಹೆಸರು, ಕೊನೆಯ ಬಸ್ಸು ಬಂದ ತಾರೀಖು ವಿಷಯದ ಸಾಲಿನಲ್ಲೇ ಬರಲಿ. ನಾಲ್ಕೂ ಸೊಸೈಟಿಗಳ ಲೆಟರ್‌ಹೆಡ್, ನೋಂದಣಿ ಸಂಖ್ಯೆ ಇರಲಿ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಆವಕ ಸಂಖ್ಯೆ, ತಾರೀಖು, ಮುದ್ರೆ ಹಾಕಿಸಿಕೊಂಡೇ ಹೊರಗೆ ಬನ್ನಿ. ಮಂತ್ರಿಗಳ ಜೊತೆ ಫೋಟೋ ಸಿಕ್ಕಿ ಆ ಸಂಖ್ಯೆ ಸಿಗದಿದ್ದರೆ, ಮುಂದೆ ಫೈಲ್ ಎಲ್ಲಿದೆ ಅಂತ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹದಿನೈದು ದಿನ ಕಳೆದ ಮೇಲೆ ಅದೇ ಸಂಖ್ಯೆ ಹಿಡಿದು ಸಂಸ್ಥೆಯ ಟ್ರಾಫಿಕ್ ವಿಭಾಗಕ್ಕೆ ಹೋಗಿ, ಮಂತ್ರಿಗಳ ಕಚೇರಿಯಿಂದ ಪತ್ರ ಬಂತಾ ಅಂತ ಕೇಳಿ.

ಕೇಳಿದವರು: ಆಯಿತು ಸರ್. ಸೋಮವಾರ ಬೆಳಗ್ಗೆ ಎಣಿಕೆಗೆ ಇಬ್ಬರು ಸಿಕ್ಕಿದ್ದಾರೆ, ಮಧ್ಯಾಹ್ನಕ್ಕೆ ಇನ್ನೂ ಯಾರೂ ಇಲ್ಲ.

ಶಾಲಾ ಶಿಕ್ಷಕಿ, ಡೊಂಬಿವಲಿ: ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ತಾಯಂದಿರನ್ನು ಕೇಳಿ ನೋಡಿ. ಅವರು ಹೇಗೂ ಅಲ್ಲೇ ನಿಂತಿರುತ್ತಾರೆ.